ಈಗಿನ ಸಂಬಳ ಎಷ್ಟೆಂದು ಬರೆಯಲಿ?

ಪ್ರಶ್ನೆ: ಕೆಲಸದ ಅರ್ಜಿಯಲ್ಲಿ ಈಗಿನ ಸಂಬಳ, ನಿರೀಕ್ಷಿತ ಸಂಬಳ ಕೇಳುತ್ತಾರೆ. ನಷ್ಟವಾಗದಂತೆ ಏನು ಬರೆಯಲಿ?

ಉತ್ತರ: ಈಗಿನ ಸಂಬಳವೆಂದರೆ ಅಲ್ಲಿ ಸಾಮಾನ್ಯವಾಗಿ ವಾರ್ಷಿಕ ಸಿಟಿಸಿ. ತಿಂಗಳಿಗೆ 40,000 ರೂಪಾಯಿ ಕೈಗೆ ಬರುವವರು 4.8 ಲಕ್ಷ ಎಂದು ಬರೆದುಬಿಡುತ್ತಾರೆ. ಸಂಬಳದಿಂದ ಕಡಿತವಾಗುವ ಹಣ, ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ, ಬೋನಸ್ ಸೇರಿದರೆ ಅದೇ 6 ಲಕ್ಷವಾಗಬಹುದು. ಹೆಚ್ಚಳದ ಲೆಕ್ಕ ಶುರುವಾಗುವುದೇ ಈ ಅಂಕಿಯಿಂದ. ಆಫರ್ ಲೆಟರ್ ನೋಡಿ ಬರೆಯಿರಿ, ಹಿಗ್ಗಿಸಬೇಡಿ. ಮುಂದೆ ಪೇಸ್ಲಿಪ್ ಕೇಳುತ್ತಾರೆ, ಸುಳ್ಳು ಗೊತ್ತಾದರೆ ಕೆಲಸವೇ ಕೈತಪ್ಪುತ್ತದೆ.

ನಿರೀಕ್ಷಿತ ಸಂಬಳಕ್ಕೆ ಹಳೆಯ ಸಂಬಳವಲ್ಲ, ಹುದ್ದೆಯ ಮಾರುಕಟ್ಟೆ ದರವೇ ಆಧಾರವಾಗಲಿ. ಅದು 7ರಿಂದ 8.5 ಲಕ್ಷವಿದ್ದರೆ 8 ಎನ್ನಿ. ಚೌಕಾಸಿಗೆ ಜಾಗ ಉಳಿಯುತ್ತದೆ. ಅಂಕಿ ಕಡ್ಡಾಯವಲ್ಲದಿದ್ದರೆ ‘ಚರ್ಚಿಸಬಹುದು’ ಎಂದರೆ ಸಾಕು. ಸೊನ್ನೆ ಮಾತ್ರ ಹಾಕಬೇಡಿ. ಸಂಬಳದ ಮಿತಿ ಇಟ್ಟು ಹುಡುಕುವವರಿಗೆ ನಿಮ್ಮ ಅರ್ಜಿ ಕಾಣದೇ ಹೋಗಬಹುದು.