ಮೂತ್ರ ಹೇಳುವ ಅಮೋನಿಯಂ ಲೆಕ್ಕ

ಇಬ್ಬರು ರೋಗಿಗಳ ರಕ್ತಪರೀಕ್ಷೆಯ ವರದಿ ಒಂದೇ ತೆರನಾಗಿದೆ ಎಂದುಕೊಳ್ಳೋಣ. ಲೀಟರಿಗೆ 24 ಮಿಲಿಮೋಲ್ ಆಸುಪಾಸಿನಲ್ಲಿ ಇರಬೇಕಾದ ಬೈಕಾರ್ಬೊನೇಟ್ ಇಬ್ಬರಲ್ಲೂ 14ಕ್ಕೆ ಇಳಿದಿದೆ, ಕ್ಲೋರೈಡ್ ಏರಿದೆ. ಒಬ್ಬರಿಗೆ ವಾರದಿಂದ ಭೇದಿ. ಇನ್ನೊಬ್ಬರಿಗೆ ಭೇದಿಯಿಲ್ಲ, ಆದರೆ ಕಿಡ್ನಿಯಲ್ಲಿ ಮತ್ತೆ ಮತ್ತೆ ಕಲ್ಲು. ಇಬ್ಬರ ತೊಂದರೆಯ ಮೂಲ ಬೇರೆಯೇ ಎಂಬುದನ್ನು ಮೂತ್ರ ತೋರಿಸಿಕೊಡುತ್ತದೆ. ಅದನ್ನು ಓದಲು ಕಿಡ್ನಿಯ ಎರಡು ಕೆಲಸಗಳನ್ನು ಬಿಡಿಸಿ ನೋಡಬೇಕು.

ಮೊದಲನೆಯದು, ಇದ್ದದ್ದನ್ನು ಉಳಿಸಿಕೊಳ್ಳುವುದು. ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಿದಾಗ 4,300 ಮಿಲಿಮೋಲ್‌ನಷ್ಟು ಬೈಕಾರ್ಬೊನೇಟ್ ನಳಿಕೆಗೆ ಇಳಿಯುತ್ತದೆ. ಅದರ ಶೇ. 80ರಷ್ಟನ್ನು ನಳಿಕೆಯ ಮೊದಲ ಭಾಗವೇ ಹಿಂಪಡೆಯುತ್ತದೆ. ಅಲ್ಲಿನ ಜೀವಕೋಶ ಸೋಡಿಯಂ ಒಳಗೆಳೆದುಕೊಂಡು ಹೈಡ್ರೋಜನ್ ಅಯಾನನ್ನು ಹೊರಬಿಡುತ್ತದೆ. ಅದು ಬೈಕಾರ್ಬೊನೇಟ್ ಜೊತೆ ಸೇರಿ ಕಾರ್ಬೋನಿಕ್ ಆಮ್ಲವಾಗುತ್ತದೆ. ಕಾರ್ಬೋನಿಕ್ ಅನ್‌ಹೈಡ್ರೇಸ್ ಎಂಬ ಕಿಣ್ವ ಅದನ್ನು ನೀರು ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಒಡೆಯುತ್ತದೆ. ಈ ಅನಿಲ ಕೋಶದೊಳಗೆ ಹೊಕ್ಕು ಮತ್ತೆ ಬೈಕಾರ್ಬೊನೇಟ್ ಆಗಿ ರಕ್ತ ಸೇರುತ್ತದೆ.

ವಿದ್ಯಾರ್ಥಿಗಳು ಎಡವುವುದು ಇಲ್ಲೇ. ಇಷ್ಟೆಲ್ಲ ನಡೆದರೂ ಆಮ್ಲ ಒಂದಿಷ್ಟೂ ಹೊರಹೋಗಿಲ್ಲ.

ಆಹಾರದ ಪ್ರೋಟೀನಿನಿಂದ ದಿನಕ್ಕೆ ಸುಮಾರು 70 ಮಿಲಿಮೋಲ್ ಆಮ್ಲ ಹುಟ್ಟಿ, ಅಷ್ಟೇ ಬೈಕಾರ್ಬೊನೇಟನ್ನು ತಿಂದುಹಾಕುತ್ತದೆ. ಮೂತ್ರದ ಪಿಎಚ್ 4.5ಕ್ಕಿಂತ ಕೆಳಗಿಳಿಯದು. ಆ ಮಟ್ಟದಲ್ಲೂ ಈ ಆಮ್ಲವನ್ನು ಬಿಡಿ ಹೈಡ್ರೋಜನ್ ಆಗಿಯೇ ಕಳಿಸುವುದಾದರೆ ದಿನಕ್ಕೆ 2,000 ಲೀಟರಿಗೂ ಹೆಚ್ಚು ಮೂತ್ರ ಬೇಕು! ಆದ್ದರಿಂದ ಆಮ್ಲವನ್ನು ಹೊರುವವರು ಬೇಕು. ಸ್ವಲ್ಪ ಪಾಲನ್ನು ಫಾಸ್ಫೇಟ್ ಹೊರುತ್ತದೆ, ಹೆಚ್ಚಿನದನ್ನು ಅಮೋನಿಯಂ. ಕಿಡ್ನಿ ಗ್ಲುಟಮೀನ್ ಎಂಬ ಅಮೈನೋ ಆಮ್ಲವನ್ನು ಒಡೆದು ಎರಡು ಅಮೋನಿಯಂ, ಎರಡು ಹೊಸ ಬೈಕಾರ್ಬೊನೇಟ್ ಪಡೆಯುತ್ತದೆ. ಅಮೋನಿಯಂ ಮೂತ್ರಕ್ಕೆ ಹೋದರಷ್ಟೇ ಈ ಲಾಭ ಕೈಗೆ ದಕ್ಕುತ್ತದೆ. ರಕ್ತಕ್ಕೆ ಮರಳಿದರೆ ಯಕೃತ್ತು ಅದನ್ನು ಯೂರಿಯಾ ಮಾಡುವಾಗ ಹೊಸ ಬೈಕಾರ್ಬೊನೇಟ್ ಖರ್ಚಾಗಿಬಿಡುತ್ತದೆ. ರಕ್ತದಲ್ಲಿ ಆಮ್ಲ ಹೆಚ್ಚಿ ಹಾಗೆಯೇ ಉಳಿದರೆ ಕೆಲವೇ ದಿನಗಳಲ್ಲಿ ಅಮೋನಿಯಂ ವಿಸರ್ಜನೆ ಹಲವು ಪಟ್ಟು ಏರುತ್ತದೆ.

ಈಗ ಆ ಇಬ್ಬರ ಮೂತ್ರ. ಸೋಡಿಯಂ ಮತ್ತು ಪೊಟ್ಯಾಸಿಯಂ ಕೂಡಿಸಿ ಕ್ಲೋರೈಡ್ ಕಳೆಯಬೇಕು. ಭೇದಿಯಾದವರಲ್ಲಿ 30 + 25 − 85 = −30. ಕ್ಲೋರೈಡಿಗೆ ಜೊತೆಯಾಗಿ, ಲೆಕ್ಕಕ್ಕೆ ಸಿಗದ ಅಮೋನಿಯಂ ಧಾರಾಳವಾಗಿದೆ: ಕಿಡ್ನಿ ಸರಿಯಾಗಿ ದುಡಿಯುತ್ತಿದೆ, ಬೈಕಾರ್ಬೊನೇಟ್ ಸೋರುತ್ತಿರುವುದು ಕರುಳಿನಲ್ಲಿ. ಇನ್ನೊಬ್ಬರಲ್ಲಿ 50 + 35 − 65 = +20. ಅಮೋನಿಯಂ ಕಡಿಮೆ. ಇದರ ಜೊತೆಗೆ ಮೂತ್ರದ ಪಿಎಚ್ 5.5ಕ್ಕಿಂತ ಮೇಲೆಯೇ ನಿಂತಿದ್ದರೆ, ನಳಿಕೆಯ ಕೊನೆಯ ಭಾಗ ಆಮ್ಲ ಹೊರಹಾಕಲಾರದೆ ಸೋತಿದೆ ಎಂದು ವೈದ್ಯರು ಶಂಕಿಸುತ್ತಾರೆ.

ಪಿಎಚ್ ಒಂದನ್ನೇ ನಂಬಿದರೆ ಮೋಸವಾದೀತು. ಅಮೋನಿಯಾ ಹೈಡ್ರೋಜನ್ನನ್ನು ಹಿಡಿದಿಡುವುದರಿಂದ ದೀರ್ಘ ಭೇದಿಯಲ್ಲೂ ಅದು 6ರ ಹತ್ತಿರ ಇರಬಹುದು. ಕೂಡಿ ಕಳೆಯುವ ಈ ಲೆಕ್ಕಕ್ಕೂ ಮಿತಿಯಿದೆ: ಮಧುಮೇಹಿಗಳ ಕೀಟೋಆಮ್ಲಗಳು ಮೂತ್ರದಲ್ಲಿದ್ದರೆ ಅಮೋನಿಯಂ ಎಷ್ಟಿದ್ದರೂ ಉತ್ತರ ಧನ ಸಂಖ್ಯೆಯಾಗಿಯೇ ಬರಬಹುದು.