30,000 ರೂಪಾಯಿಯ ಕೆಳಗಿನ ಸಾಲುಗಳು

"ಸರ್, ನಿಮ್ಮ 18 ನಿಮಿಷದ ಕಿರುಚಿತ್ರದ ಡಬ್ಬಿಂಗ್, ಮಿಕ್ಸಿಂಗ್ ಎರಡೂ ಸೇರಿ 30,000 ರೂಪಾಯಿ ಆಗುತ್ತದೆ." ಬೆಂಗಳೂರಿನ ಸಣ್ಣ ಸ್ಟುಡಿಯೊ ಒಂದು ಹೊಸ ನಿರ್ದೇಶಕನಿಗೆ ಹೀಗೊಂದು ಇ-ಮೇಲ್ ಕಳಿಸಿದೆ ಎಂದಿಟ್ಟುಕೊಳ್ಳಿ. ಅವನ ಕಣ್ಣು ಮೊತ್ತದ ಮೇಲೆಯೇ ನಿಲ್ಲುತ್ತದೆ. ಜಗಳ ಹುಟ್ಟುವುದು ಅದರ ಕೆಳಗಿನ ಸಾಲುಗಳಲ್ಲಿ.

ಮೊದಲ ಸಾಲು: ಡಬ್ಬಿಂಗ್ 8 ಗಂಟೆ, ಗಂಟೆಗೆ 1,000. (ಇದು ಲೆಕ್ಕಕ್ಕೆಂದು ಹಿಡಿದ ದರ, ಸ್ಟುಡಿಯೊದಿಂದ ಸ್ಟುಡಿಯೊಗೆ ಬೇರೆ.) ಚಿತ್ರದಲ್ಲಿ 120 ಮಾತುಗಳಿದ್ದು, ಒಂದೊಂದಕ್ಕೆ ಸರಾಸರಿ 3 ನಿಮಿಷ ಹಿಡಿದರೂ 6 ಗಂಟೆಯಾಯಿತು. ಕಲಾವಿದರು ಪೈಲಟ್ ಟ್ರ್ಯಾಕ್ ಕೇಳಬೇಕು, ತುಟಿಯ ಚಲನೆಗೆ ಹೊಂದಿಸಿ ಹೇಳಬೇಕು, ಭಾವ ಸಾಲದಿದ್ದರೆ ಮತ್ತೆ ಹೇಳಬೇಕು. ಮೈಕಿನ ಮುಂದೆ ಮೊದಲ ಸಲ ನಿಂತವರಿದ್ದರೆ ಇನ್ನೆರಡು ಗಂಟೆ ಬೇಕೇ ಬೇಕು. 8 ಗಂಟೆ ದಾಟಿದರೆ ಹೆಚ್ಚುವರಿ ಹಣ ಎಂಬ ಷರತ್ತು ಇರುವುದು ಇದಕ್ಕೇ.

ಮುಂದೆ ಡಬ್ಬಿಂಗ್ ಎಡಿಟ್ 4,000, ಫೋಲಿ ಮತ್ತು ಎಫೆಕ್ಟ್ಸ್ 8,000, ಮಿಕ್ಸಿಂಗ್ 10,000. "ನಾನು ಕೇಳಿದ್ದು ಡಬ್ಬಿಂಗ್, ಈ ಎಫೆಕ್ಟ್ಸ್ ಯಾಕೆ?" ಎಂದು ನಿರ್ದೇಶಕ ಸಿಡುಕುವುದು ಇಲ್ಲೇ. ಲೊಕೇಶನ್ನಿನ ಧ್ವನಿಯನ್ನು ತೆಗೆದುಹಾಕಿದಾಗ ಮಾತಿನ ಜೊತೆ ಹೆಜ್ಜೆಯ ಸಪ್ಪಳ, ಸೀರೆಯ ಸರಸರ, ಲೋಟ ಮೇಜಿಗೆ ತಾಗಿದ ಸದ್ದು, ಕೋಣೆಯ ಗಾಳಿ ಎಲ್ಲವೂ ಹೋಗುತ್ತವೆ. ಅವನ್ನು ಮತ್ತೆ ತುಂಬದಿದ್ದರೆ ಅಡುಗೆಮನೆಯಲ್ಲಿ ಮಾತಾಡುವ ಅಜ್ಜಿ ರೇಡಿಯೊ ಸ್ಟೇಷನ್ನಿನಲ್ಲಿ ಕೂತಂತೆ ಕೇಳಿಸುತ್ತಾಳೆ. ಅಗ್ಗದ ಕೊಟೇಶನ್‌ಗಳಲ್ಲಿ ಸದ್ದಿಲ್ಲದೆ ಕೈಬಿಟ್ಟುಹೋಗುವುದೂ ಈ ಸಾಲೇ.

ಮಿಕ್ಸಿಂಗ್ ಎಂದರೆ ಸ್ಟೀರಿಯೊ ಮಾತ್ರವೋ, 5.1 ಕೂಡ ಇದೆಯೋ ಎಂಬುದೂ ಬರಹದಲ್ಲಿರಬೇಕು. ಮಾತು, ಸಂಗೀತ, ಎಫೆಕ್ಟ್ಸ್ ಬೇರೆ ಬೇರೆ ಫೈಲುಗಳಾಗಿ ಸಿಗುತ್ತವೆಯೇ ಎಂದು ಈಗಲೇ ಕೇಳಿಕೊಳ್ಳುವುದು ಜಾಣತನ. ನಾಳೆ ಚಿತ್ರವನ್ನು ತಮಿಳಿಗೆ ಡಬ್ ಮಾಡುವುದಾದರೆ ಮಾತನ್ನಷ್ಟೇ ಬದಲಿಸಿದರೆ ಸಾಕು. ಸ್ಟುಡಿಯೊ ಜಿಎಸ್‌ಟಿ ನೋಂದಣಿ ಮಾಡಿಸಿದ್ದರೆ ಮೇಲೆ ಶೇ 18, ಅಂದರೆ 5,400 ರೂಪಾಯಿ. ನೋಂದಣಿ ಇಲ್ಲದವರು ಅದನ್ನು ವಸೂಲಿ ಮಾಡುವಂತಿಲ್ಲ.

ಎಲ್ಲಕ್ಕಿಂತ ದುಬಾರಿ ಸಾಲು ಕೊನೆಯಲ್ಲಿದೆ: "ಎಡಿಟ್ ಲಾಕ್ ಆದ ಮೇಲಷ್ಟೇ ಕೆಲಸ ಆರಂಭ." ಡಬ್ಬಿಂಗ್ ಮುಗಿದ ಮೇಲೆ ನಿರ್ದೇಶಕ ನಾಲ್ಕನೇ ನಿಮಿಷದಲ್ಲಿ 2 ಸೆಕೆಂಡಿನ ಶಾಟ್ ಒಂದನ್ನು ಕತ್ತರಿಸುತ್ತಾನೆ. ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ, ಅಲ್ಲಿಂದ ಮುಂದಿನ ಮಾತು, ಹೆಜ್ಜೆ, ಸಂಗೀತ ಎಲ್ಲವೂ ಚಿತ್ರಕ್ಕಿಂತ 48 ಫ್ರೇಮ್ ಹಿಂದೆ ಬೀಳುತ್ತವೆ. ಎಲ್ಲವನ್ನೂ ಒಟ್ಟಿಗೆ ಮುಂದೆ ಎಳೆಯುವುದು ಕಷ್ಟವಲ್ಲ. ಆದರೆ ಕತ್ತರಿಸಿದ ಜಾಗದಲ್ಲಿ ಒಂದು ವಾಕ್ಯವೋ ಸಂಗೀತದ ಅಲೆಯೋ ಅರ್ಧಕ್ಕೆ ತುಂಡಾಗಿರುತ್ತದೆ. ಅದನ್ನು ಕೂಡಿಸಿ, ಆ ದೃಶ್ಯವನ್ನು ಮತ್ತೆ ಮಿಕ್ಸ್ ಮಾಡಿ, ಪೂರ್ತಿ ಚಿತ್ರವನ್ನು ಮೊದಲಿನಿಂದ ಕೇಳಿ ನೋಡಲು ಸಂಜೆಯೊಂದು ಬೇಕು. ಆ ಸಂಜೆಯ ದರ 30,000ದ ಒಳಗಿಲ್ಲ.