ಹಾಗಲಕಾಯಿಯ ಕಹಿ ತಗ್ಗಿಸುವ ಬಗೆ

ಮುಂಬಯಿಯಲ್ಲಿ ಕಾರ್ಲೆ, ಹೈದರಾಬಾದಿನಲ್ಲಿ ಕಾಕರಕಾಯ, ದಿಲ್ಲಿಯಲ್ಲಿ ಕರೇಲಾ ಎಂದು ಕೇಳಿದರೆ ಸಿಗುವುದು ನಮ್ಮ ಹಾಗಲಕಾಯಿಯೇ. ಆದರೆ ಕೋಣೆಗಳಲ್ಲಿ ತಾವೇ ಅಡಿಗೆ ಮಾಡಿಕೊಳ್ಳುವ ಅನೇಕ ಬಂಧುಗಳು ಕಹಿಗೆ ಅಂಜಿ ಅದನ್ನು ಕೊಳ್ಳುವುದೇ ಇಲ್ಲ. ಅದರ ಕಹಿಯನ್ನು ಪೂರ್ತಿ ತೆಗೆಯಲಾಗದು. ನಾಲಿಗೆಗೆ ಹಿತವಾಗುವಷ್ಟು ತಗ್ಗಿಸಬಹುದು. ಉಪ್ಪು, ಮೊಸರು, ಹುಣಿಸೆ, ಮೂರರ ಕೆಲಸವೂ ಬೇರೆ ಬೇರೆ.

ಗರಿಗರಿ ಪಲ್ಯಕ್ಕೆ ಉಪ್ಪೇ ಮೇಲು. ಕಾಲು ಕಿಲೋ ಕಾಯಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಹಸಿರಾದ, ಗಟ್ಟಿ ಕಾಯಿ ಇರಲಿ. ಹಳದಿ ತಿರುಗಿದ್ದು ಮೆತ್ತಗಾಗುತ್ತದೆ. ಉದ್ದಕ್ಕೆ ಸೀಳಿ ಬೀಜವನ್ನೂ ತಿರುಳನ್ನೂ ತೆಗೆಯಬೇಕು. ತಿರುಳು ನೀರು ಹಿಡಿದುಕೊಳ್ಳುವುದರಿಂದ ಗರಿ ಬರಗೊಡುವುದಿಲ್ಲ. ತೆಳ್ಳಗೆ, ಒಂದೇ ಸಮನಾಗಿ ಹೆಚ್ಚಿ ಒಂದು ಚಮಚ ಉಪ್ಪು ಬೆರಸಿ ಅರ್ಧ ಗಂಟೆ ಇಡಬೇಕು. ಉಪ್ಪು ಹೋಳುಗಳೊಳಗಿನ ನೀರನ್ನು ಹೊರಕ್ಕೆ ಎಳೆಯುತ್ತದೆ. ಅದರೊಡನೆ ಕಹಿಯ ಒಂದು ಪಾಲೂ ಬರುತ್ತದೆ. ಆ ರಸವನ್ನು ಚೆಲ್ಲಿ, ಹೋಳುಗಳನ್ನು ಮುರಿಯದಂತೆ ಹಿಂಡಿ, ಒಮ್ಮೆ ನೀರಿನಲ್ಲಿ ಅದ್ದಿ ತೆಗೆದು, ಬಟ್ಟೆಯ ಮೇಲೆ ಹರವಿ ಒತ್ತಿ ಒರೆಸಬೇಕು. ನೀರು ಉಳಿದರೆ ಹೋಳು ಹುರಿಯುವುದಿಲ್ಲ, ಬೇಯುತ್ತದೆ.

ಅಗಲವಾದ ಬಾಣಲೆಯಲ್ಲಿ ಮೂರು ದೊಡ್ಡ ಚಮಚ ಎಣ್ಣೆ ಕಾಯಿಸಿ, ಹೋಳುಗಳನ್ನು ಒಂದರ ಮೇಲೊಂದು ಬೀಳದಂತೆ ಹರವಿ, ಮಧ್ಯಮ ಉರಿಯಲ್ಲಿ ಹುರಿಯಬೇಕು. ಜಾಗ ಸಾಲದಿದ್ದರೆ ಎರಡು ಸಲ ಹುರಿಯುವುದೇ ಸರಿ. ಮುಚ್ಚಳ ಕೂಡದು; ಆವಿ ಮೇಲಿಂದ ನೀರಾಗಿ ತೊಟ್ಟಿಕ್ಕುತ್ತದೆ. ಚರಚರ ಸದ್ದು ತಗ್ಗಿ, ಅಂಚು ಕಂದಿದಾಗ ನೀರು ಹೋಯಿತೆಂದು ತಿಳಿಯಬೇಕು. ಖಾರದ ಪುಡಿ ಆಗ ಹಾಕಬೇಕು. ಮೊದಲೇ ಹಾಕಿದರೆ ಸೀಯುತ್ತದೆ. ಉಪ್ಪನ್ನು ರುಚಿ ನೋಡಿದ ಮೇಲೆಯೇ ಹಾಕತಕ್ಕದ್ದು, ಏಕೆಂದರೆ ಹೋಳುಗಳಲ್ಲಿ ಆಗಲೇ ಉಪ್ಪು ಇರುತ್ತದೆ.

ಉಪ್ಪಿನ ಮೇಲೂ ಕಹಿ ಹೆಚ್ಚೆನಿಸುವವರು, ಹಿಂಡಿದ ಹೋಳುಗಳಿಗೆ ಎರಡು ದೊಡ್ಡ ಚಮಚ ಮೊಸರು ಬೆರಸಿ ಇನ್ನು ಅರ್ಧ ಗಂಟೆ ಬಿಡಬಹುದು. ಮೊಸರಿನ ಹುಳಿಯೂ ಜಿಡ್ಡೂ ಕಹಿಯನ್ನು ಮೃದುಮಾಡುತ್ತವೆ. ಆದರೆ ಅದನ್ನು ಚೆನ್ನಾಗಿ ತೊಳೆದು ಒರೆಸದಿದ್ದರೆ ಬಾಣಲೆಗೆ ಹಿಡಿದು, ಒಳಗು ಒಣಗುವ ಮೊದಲೇ ಹೊರಗು ಕಪ್ಪಾಗುತ್ತದೆ.

ಹುಣಿಸೆ ಕಹಿಯನ್ನು ತೆಗೆಯುವುದಕ್ಕಿಂತ ಮರೆಸುವುದೇ ಹೆಚ್ಚು. ಬೆಲ್ಲ ಜೊತೆಗೂಡಿದರೆ ಚೆನ್ನಾಗಿ ಮರೆಸುತ್ತದೆ. ಆದ್ದರಿಂದ ಅದು ಗೊಜ್ಜಿಗೆ ತಕ್ಕದ್ದು. ಹುಳಿಯಲ್ಲಿ ಹೋಳು ಬೇಗ ಕರಗದೆ ಗಟ್ಟಿಯಾಗಿ ನಿಲ್ಲುತ್ತದೆ, ಆದರೆ ಗರಿಗರಿಯಾಗದು. ಅದಕ್ಕಾಗಿ ಮೊದಲು ಎಣ್ಣೆಯಲ್ಲಿ ಬಾಡಿಸಿ, ಆಮೇಲೆ ಹುಣಿಸೆರಸ ಹಾಕುವುದು ವಾಡಿಕೆ.

ಪಲ್ಯವನ್ನು ಡಬ್ಬಿಗೆ ಕಟ್ಟುವವರು ತಟ್ಟೆಯಲ್ಲಿ ಹರವಿ ಪೂರ್ತಿ ಆರಿಸಿ ತುಂಬಬೇಕು. ಬಿಸಿಯಾಗಿ ಮುಚ್ಚಿದರೆ ಮಧ್ಯಾಹ್ನದ ಹೊತ್ತಿಗೆ ಗರಿ ಹೋಗಿರುತ್ತದೆ.